ಕೆಂಪು ಗೆರೆ ಎಲ್ಲಿ ಎಳೆಯಬೇಕು?

ಕಾರ್ಖಾನೆಯ ಇನ್ಸ್‌ಪೆಕ್ಷನ್ ಶೀಟಿನಲ್ಲಿ ದಿನದ ರಿಜೆಕ್ಷನ್ ಪ್ರಮಾಣ ತೋರಿಸುವ ಚುಕ್ಕಿಗಳ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಚುಕ್ಕಿ ಗೆರೆ ದಾಟಿದರೆ ಸೂಪರ್‌ವೈಸರ್ ಓಡಿ ಬರಬೇಕು, ದಾಟದಿದ್ದರೆ ಲೈನ್ ತನ್ನ ಪಾಡಿಗೆ ಓಡಬೇಕು. ಆ ಗೆರೆಯನ್ನು ಮೊದಲು ಎಳೆದ ತಾರೀಖು ಸಿಗುತ್ತದೆ: 1924ರ ಮೇ 16.

ಅಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದ. ಉದ್ದ ಸುಮಾರು ಒಂದು ಪುಟ. ಅದರಲ್ಲಿ ಮೂರನೇ ಒಂದು ಭಾಗ ಚಿತ್ರಕ್ಕೇ ಹೋಗಿತ್ತು ಎಂದು ಅವನ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಮುಂದೆ ನೆನೆಸಿಕೊಂಡಿದ್ದಾನೆ. ಮಾಲಿನಲ್ಲಿ ದೋಷದ ಪಾಲು ಎಷ್ಟು ಎಂದು ತೋರಿಸುವ ಚುಕ್ಕಿಗಳು, ಅವುಗಳ ಆಚೀಚೆ ಮಿತಿಯ ಗೆರೆಗಳು. ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ತೂಗುವ ಕಂಟ್ರೋಲ್ ಚಾರ್ಟ್‌ಗಳೆಲ್ಲ ಆ ಒಂದು ಚಿತ್ರದ ಸಂತಾನ.

ಶೂಹಾರ್ಟ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವನು. ಟೆಲಿಫೋನ್ ತಯಾರಿಸುವ ಕಂಪನಿಗೆ ಸೇರಿದ್ದು 1918ರಲ್ಲಿ. ಷಿಕಾಗೋ ಪಕ್ಕದ ಹಾಥಾರ್ನ್‌ನಲ್ಲಿದ್ದ ಅದರ ಕಾರ್ಖಾನೆ ಒಂದು ಊರಿನಷ್ಟು ದೊಡ್ಡದು. ಆಗ ಗುಣಮಟ್ಟ ಎಂದರೆ ಮಾಲು ಮುಗಿದ ಮೇಲೆ ಸಾವಿರಾರು ಇನ್ಸ್‌ಪೆಕ್ಟರುಗಳು ಕೂತು ಕೆಟ್ಟದ್ದನ್ನು ಆರಿಸಿ ಎಸೆಯುವುದು, ಅಷ್ಟೇ. ಇವತ್ತು ರಿಜೆಕ್ಷನ್ ಜಾಸ್ತಿ ಬಂತೋ, ಮಷೀನಿನ ಸೆಟ್ಟಿಂಗ್ ತಿರುಗಿಸು. ನಾಳೆ ಕಡಿಮೆ ಬಂತೋ, ತಿರುಗಿಸಿದವನ ಬೆನ್ನು ತಟ್ಟು. ಏರಿಳಿತ ಆ ಮಷೀನಿನ ಸಹಜ ಉಸಿರಾಟವೋ ಅಥವಾ ನಿಜವಾಗಿ ಏನಾದರೂ ಕೆಟ್ಟಿದೆಯೋ ಎಂದು ಕೇಳುವ ರೂಢಿ ಇರಲಿಲ್ಲ. ಸಹಜ ಏರಿಳಿತವನ್ನು ಕೆಟ್ಟದ್ದೆಂದು ತಿಳಿದು ಸೆಟ್ಟಿಂಗ್ ಬದಲಿಸಿದರೆ ಮಾಲಿನ ಏರಿಳಿತ ಇನ್ನೂ ಹೆಚ್ಚುತ್ತದೆ. ಹೊರಗಿನಿಂದ ಬಂದ ಕಾರಣವನ್ನು ಸಹಜವೆಂದು ಬಿಟ್ಟರೆ ಕೆಟ್ಟ ಮಾಲು ಹರಿಯುತ್ತಲೇ ಇರುತ್ತದೆ. ಎರಡರ ನಡುವೆ ಎಲ್ಲಿ ಗೆರೆ ಎಳೆದರೆ ಒಟ್ಟು ನಷ್ಟ ಕಡಿಮೆ ಎಂಬುದೇ ಶೂಹಾರ್ಟ್‌ನ ಪ್ರಶ್ನೆ. 1931ರ ಅವನ ಪುಸ್ತಕದ ಹೆಸರಿನಲ್ಲಿ ‘ಎಕನಾಮಿಕ್’ ಎಂಬ ಪದ ಬಂದದ್ದು ಸುಮ್ಮನೆ ಅಲ್ಲ.

ಆ ಪುಸ್ತಕ ಓದುವುದು ಕಬ್ಬಿಣದ ಕಡಲೆ. ಆದರೆ ಅದರೊಳಗೆ ನನಗೆ ಬಲು ಇಷ್ಟವಾದ ಒಂದು ಪ್ರಸಂಗವಿದೆ. ತನ್ನ ಗೆರೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಶೂಹಾರ್ಟ್ ಮೂರು ಬಟ್ಟಲುಗಳಲ್ಲಿ ಅಂಕಿ ಬರೆದ ಬಿಲ್ಲೆಗಳನ್ನು ತುಂಬಿದ. ಒಂದರಲ್ಲಿ 998 ಬಿಲ್ಲೆ. ಅವುಗಳ ಅಂಕಿಗಳು ಮಧ್ಯೆ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ, ಗಂಟೆಯಾಕಾರದಲ್ಲಿ ಹರಡಿದ್ದವು. ಇನ್ನೊಂದರಲ್ಲಿ ಎಲ್ಲ ಅಂಕಿಗಳೂ ಸಮಪ್ರಮಾಣದಲ್ಲಿದ್ದವು. ಮೂರನೆಯದರಲ್ಲಿ ಒಂದೇ ಕಡೆಗೆ ವಾಲಿದ ತ್ರಿಕೋನ. ಒಂದು ಬಿಲ್ಲೆ ತೆಗೆ, ಬರೆದುಕೊ, ಮತ್ತೆ ಹಾಕಿ ಕಲಸು. ಹೀಗೆ ಪ್ರತಿ ಬಟ್ಟಲಿನಿಂದ 4000 ಸಲ. ಅವನ್ನು ನಾಲ್ಕು ನಾಲ್ಕರ ಗುಂಪು ಮಾಡಿ ಸರಾಸರಿ ತೆಗೆದ. ಬಟ್ಟಲಿನೊಳಗಿನ ಹರಡಿಕೆ ಹೇಗೇ ಇರಲಿ, ಸರಾಸರಿಗಳು ಬಹುಪಾಲು ಮೂರು ಸಿಗ್ಮಾ ಗೆರೆಯೊಳಗೇ ಬಿದ್ದವು. ಬಟ್ಟಲಿನಿಂದ ಬರುವುದು ಬರೀ ಸಹಜ ಏರಿಳಿತ, ಹೊರಗಿನ ಕಾರಣ ಅಲ್ಲಿಲ್ಲ. ಕಾರ್ಖಾನೆಯ ಚುಕ್ಕಿ ಅದೇ ಥರದ ಗೆರೆ ದಾಟಿತೆಂದರೆ, ಬಟ್ಟಲಿನಲ್ಲಿಲ್ಲದ್ದು ಯಾವುದೋ ಒಳಗೆ ಬಂದಿದೆ, ಹುಡುಕು ಎಂದರ್ಥ.

ಮೂರೇ ಏಕೆ ಎಂದು ಜಗಳ ಶುರುವಾದದ್ದು ಲಂಡನ್ನಿನಲ್ಲಿ. 1932ರಲ್ಲಿ ಶೂಹಾರ್ಟ್ ಅಲ್ಲಿ ಉಪನ್ಯಾಸ ಕೊಟ್ಟ. ಸಂಖ್ಯಾಶಾಸ್ತ್ರದ ದೊಡ್ಡ ಮನೆತನದ ಎಗಾನ್ ಪಿಯರ್ಸನ್ 1935ರಲ್ಲಿ ಬ್ರಿಟನ್ನಿನ ಗುಣಮಟ್ಟದ ಕೈಪಿಡಿ ಬರೆದ. ಗೆರೆಗಳು ಸಂಭವನೀಯತೆಯ ಲೆಕ್ಕದ ಮೇಲೇ ನಿಲ್ಲಬೇಕೆಂಬುದು ಬ್ರಿಟಿಷರ ಹಟ: ಹೊರಗಿನ ಗೆರೆ ಸಾವಿರಕ್ಕೊಂದು, ಒಳಗಿನ ಎಚ್ಚರಿಕೆಯ ಗೆರೆ ನಲವತ್ತಕ್ಕೊಂದು. ಸಾವಿರಕ್ಕೊಂದು ಎಂದರೆ 3.09 ಸಿಗ್ಮಾ, ಶೂಹಾರ್ಟ್‌ನದು 3. ಗೆರೆಗಳ ನಡುವಿನ ಅಂತರ ಪೆನ್ಸಿಲಿನ ದಪ್ಪದಷ್ಟೂ ಇಲ್ಲ, ಆದರೆ ವಾದ ಸಣ್ಣದಲ್ಲ. ಕಾರ್ಖಾನೆಯ ಅಂಕಿಗಳು ಯಾವ ಹರಡಿಕೆಗೆ ಸೇರಿದವೆಂದು ನಮಗೆ ಎಂದೂ ಖಚಿತವಾಗಿ ತಿಳಿಯದು. ಹಾಗಿರುವಾಗ ಸಾವಿರಕ್ಕೊಂದು ಎಂದು ಬರೆಯುವುದು ಸುಳ್ಳು ನಿಖರತೆ. ಮೂರನ್ನು ಹಿಡಿದದ್ದು ಅನುಭವದಲ್ಲಿ ಲಾಭವಾಗಿ ಕಂಡದ್ದರಿಂದ. ಇದು ಶೂಹಾರ್ಟ್‌ನ ನಿಲುವು. ನನ್ನ ಓಟು ಅವನಿಗೇ.

ಭಾರತಕ್ಕೆ ಈ ಗೆರೆ ಬಂದದ್ದು ಶೂಹಾರ್ಟ್‌ನ ಜೊತೆಯಲ್ಲೇ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ, ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ, ಅವನು ದೇಶ ಸುತ್ತಿ ಉದ್ಯಮಿಗಳ ಜೊತೆ ಸಭೆ ನಡೆಸಿದ. ಜಪಾನಿನಲ್ಲಿ ಡೆಮಿಂಗ್ ತನ್ನ ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟದ್ದು ಅದಾಗಿ ಎರಡು ವರ್ಷಕ್ಕೆ, 1950ರಲ್ಲಿ. ನಾವು ಮೊದಲು ಕೇಳಿದವರು; ಮೊದಲು ಮಾಡಿದವರು ಮಾತ್ರ ಅವರು. ಈ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗಿನ ಶೀಟುಗಳನ್ನು ನೋಡಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ಹಿಂದೆ ಮಷೀನಿನ ಪಕ್ಕ ಗ್ರಾಫ್ ಹಾಳೆ ತೂಗುತ್ತಿತ್ತು. ಆಪರೇಟರ್ ಎಣ್ಣೆಕೈಯಲ್ಲೇ ಪೆನ್ಸಿಲ್ ಹಿಡಿದು ಚುಕ್ಕಿ ಇಡುತ್ತಿದ್ದ, ಗೆರೆ ದಾಟಿದ್ದು ಮೊದಲು ಅವನ ಕಣ್ಣಿಗೇ ಬೀಳುತ್ತಿತ್ತು. ಈಗ ಚಾರ್ಟ್ ಕಂಪ್ಯೂಟರಿನೊಳಗೆ ಸೇರಿದೆ, ಆಡಿಟ್ ಹಿಂದಿನ ದಿನ ತುಂಬುತ್ತದೆ, ಗೆರೆಯ ಸೂತ್ರವನ್ನು ಯಾರೂ ತೆರೆದು ನೋಡುವುದಿಲ್ಲ. ತೆರೆದರೆ ಏನು ಕಾಣಬಹುದು ಎಂಬುದಕ್ಕೆ ಒಂದು ಶೀಟನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ.

ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನ್ ಒಂದರಿಂದ ದಿನಕ್ಕೆ 200 ಪೀಸ್ ತಪಾಸಣೆ, 25 ದಿನದ ದಾಖಲೆ. ಒಟ್ಟು 5000 ಪೀಸಿನಲ್ಲಿ 150 ಕೆಟ್ಟವು, ಸರಾಸರಿ 3 ಶೇಕಡಾ. ಬಿ ಕಾಲಮ್ಮಿನಲ್ಲಿ ತಪಾಸಣೆಯಾದ ಪೀಸು, ಸಿ ಕಾಲಮ್ಮಿನಲ್ಲಿ ಕೆಟ್ಟವು ಇದ್ದರೆ ಸೂತ್ರ ಇಷ್ಟೇ:

```
F2: =SUM(C2:C26)/SUM(B2:B26)
G2: =$F$2+3*SQRT($F$2*(1-$F$2)/B2)
H2: =MAX(0,$F$2-3*SQRT($F$2*(1-$F$2)/B2))
```

ಮೇಲಿನ ಗೆರೆ 6.62 ಶೇಕಡಾ. ಅಂದರೆ 200ರಲ್ಲಿ 13 ಕೆಟ್ಟರೆ ಒಳಗೆ, 14 ಕೆಟ್ಟರೆ ಹೊರಗೆ. ಕೆಳಗಿನ ಗೆರೆ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದರಿಂದ ಅದನ್ನು ಸೊನ್ನೆಗೆ ನಿಲ್ಲಿಸುತ್ತೇವೆ. ಶೀಟಿನಲ್ಲಿ ಮೈನಸ್ 0.62 ಶೇಕಡಾ ಎಂದು ಅಚ್ಚಾಗಿದ್ದರೆ ಅದನ್ನು ಯಾರೂ ಓದಿಲ್ಲವೆಂದು ತಿಳಿಯಿರಿ. ಸೊನ್ನೆಗಿಂತ ಕಡಿಮೆ ಪೀಸು ಕೆಡುವುದು ಹೇಗೆ?

ಮೊದಲು ನೋಡಬೇಕಾದದ್ದು ಸರಾಸರಿಯನ್ನು. ಎಷ್ಟೋ ಶೀಟುಗಳಲ್ಲಿ F2ರಲ್ಲಿ ದಿನದಿನದ ಶೇಕಡಾವಾರಿನ `AVERAGE` ಇರುತ್ತದೆ. ಪ್ರತಿದಿನ ಸರಿಯಾಗಿ 200 ತಪಾಸಣೆಯಾದರೆ ತೊಂದರೆಯಿಲ್ಲ. ಕರೆಂಟು ಹೋಗಿ ಒಂದು ದಿನ 50 ಪೀಸು ಮಾತ್ರ ನೋಡಿ, 5 ಕೆಟ್ಟವೆನ್ನಿ. ಅದು 10 ಶೇಕಡಾ. ಮರುದಿನ 200ರಲ್ಲಿ 4, ಅಂದರೆ 2 ಶೇಕಡಾ. ಎರಡರ ಸರಾಸರಿ 6 ಎಂದು ಶೀಟು ಹೇಳುತ್ತದೆ. ನಿಜಕ್ಕೆ 250ರಲ್ಲಿ 9, ಅಂದರೆ 3.6. ಅದೇ 50ರ ದಿನಕ್ಕೆ ಮೇಲಿನ ಗೆರೆಯೂ ಬೇರೆ: 10.24 ಶೇಕಡಾ. ಎಲ್ಲ ದಿನಕ್ಕೂ 6.62 ಎಂದು ಒಂದೇ ಗೆರೆ ಎಳೆದಿದ್ದರೆ ಆ ದಿನ ಸುಳ್ಳು ಅಲಾರಂ ಹೊಡೆದು ಯಾರೋ ಬಡಪಾಯಿ ಬೈಗುಳ ತಿಂದಿರುತ್ತಾನೆ. ಚಾರ್ಟ್ ಸಪಾಟಾಗಿ ಚಂದ ಕಾಣುತ್ತಿದೆ, ಬಿ ಕಾಲಮ್ ಮಾತ್ರ ಏರಿಳಿಯುತ್ತಿದೆ ಎಂದರೆ ಎಲ್ಲೋ ಎಡವಟ್ಟಾಗಿದೆ.

ಇನ್ನೂ ಒಂದು ಚಾಳಿ, ಮ್ಯಾನೇಜ್‌ಮೆಂಟಿನ ಟಾರ್ಗೆಟ್ಟನ್ನೇ ಕೆಂಪು ಗೆರೆ ಮಾಡುವುದು. ‘3 ಶೇಕಡಾ ದಾಟಿದರೆ ಕಾರಣ ಬರೆಯಿರಿ’ ಎಂದರೆ ನಮ್ಮ ಶೀಟಿನಲ್ಲಿ 6ಕ್ಕಿಂತ ಹೆಚ್ಚು ಪೀಸು ಕೆಟ್ಟ 8 ದಿನಕ್ಕೂ ಕಾರಣ ಬೇಕು. ಅವುಗಳಲ್ಲಿ 6 ದಿನ ಬಟ್ಟಲಿನ ಬಿಲ್ಲೆಯ ಥರದವು, ಕಾರಣವೇ ಇಲ್ಲ. ಇಲ್ಲದ ಕಾರಣ ಬರೆಯಿಸಿದರೆ ‘ಆಪರೇಟರ್‌ಗೆ ತಿಳಿಹೇಳಲಾಗಿದೆ’ ಎಂಬ ಒಂದೇ ವಾಕ್ಯ ಕೆಳಗಿನವರೆಗೆ ಕಾಪಿಯಾಗುತ್ತದೆ.

ಉಳಿದ ಎರಡು ದಿನಗಳೇ ಸ್ವಾರಸ್ಯದ್ದು. 17ನೇ ದಿನ 19 ಪೀಸು ಕೆಟ್ಟಿವೆ, ಗೆರೆಯ ಆಚೆ. ಮೇಂಟೆನೆನ್ಸ್ ಪುಸ್ತಕ ತೆಗೆದರೆ ಬ್ಯಾರಲ್‌ನ ಒಂದು ಹೀಟರ್ ಸುಟ್ಟುಹೋಗಿ ಅವತ್ತು ಬದಲಿಸಿದ್ದಾರೆ. ಕೆಟ್ಟ ಪೀಸುಗಳೆಲ್ಲ ಪ್ಲಾಸ್ಟಿಕ್ ಮೂಲೆಗೆ ತುಂಬದೆ ಅರ್ಧಕ್ಕೆ ನಿಂತವು. ಕಾರಣ ಸಿಕ್ಕಿತು, ಸರಿಯೂ ಆಯಿತು. ಆದ್ದರಿಂದ ಗೆರೆ ಎಳೆಯುವ ಲೆಕ್ಕದಿಂದ ಆ ದಿನವನ್ನು ಬಿಡಬಹುದು. ಚಾರ್ಟ್‌ನಿಂದಲ್ಲ, ಲೆಕ್ಕದಿಂದ ಮಾತ್ರ. ಕಾರಣ ಸಿಗದೆ ಬಿಟ್ಟರೆ ಅದು ಅಂಕಿ ತಿದ್ದಿದ ಹಾಗೆ.

ಈಗ 4800ರಲ್ಲಿ 131. ಗೆರೆ 6.19 ಶೇಕಡಾಕ್ಕೆ ಇಳಿಯುತ್ತದೆ, 200ಕ್ಕೆ 12.4 ಪೀಸು. ಇಳಿದ ಕೂಡಲೆ 16ನೇ ದಿನದ 13 ಪೀಸು ಹೊರಗೆ ಬೀಳುತ್ತದೆ. ಹಿಂದಿನ ದಿನವೇ ಹೀಟರ್ ಕೈಕೊಡತೊಡಗಿತ್ತು. ಸುಟ್ಟ ದಿನದ ದೊಡ್ಡ ಅಂಕಿ ಸರಾಸರಿಯನ್ನೇ ಮೇಲೆತ್ತಿದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತಿನ ಪೀಸುಗಳ ದೋಷವೂ ಅದೇ ಎಂದು ಶೀಟಿನಲ್ಲಿದ್ದರೆ ಅದನ್ನೂ ಲೆಕ್ಕದಿಂದ ಬಿಟ್ಟು ಗೆರೆ ಎಳೆಯಿರಿ: 4600ರಲ್ಲಿ 118, ಗೆರೆ 5.92 ಶೇಕಡಾ, 200ಕ್ಕೆ 11.8 ಪೀಸು. ಉಳಿದ 23 ದಿನಗಳಲ್ಲಿ ಅತಿ ಹೆಚ್ಚು ಕೆಟ್ಟದ್ದು 9. ಎಲ್ಲವೂ ಒಳಗೆ. ಇನ್ನು ಮುಂದೆ ನಡೆಯಬೇಕಾದ ಗೆರೆ ಇದು, ಮಷೀನೋ ಮಾಲೋ ಬದಲಾಗುವವರೆಗೆ.

ಇದೇ 25 ದಿನದ ಅಂಕಿಗಳಿಗೆ, ಮೇಲಿನ ವರ್ಗಮೂಲದ ಸೂತ್ರ ಬಿಟ್ಟು, ದಿನದಿನದ ಶೇಕಡಾವಾರಿನ ಮೇಲೆ ಸಲೀಸಾಗಿ `STDEV` ಹಾಕಿ ಮೂರರಿಂದ ಗುಣಿಸುವ ಶೀಟುಗಳೂ ಇವೆ. ಹೀಟರ್ ಕೆಟ್ಟ ಎರಡು ದಿನಗಳು ತಾವೇ ಸಿಗ್ಮಾವನ್ನು ಉಬ್ಬಿಸುತ್ತವೆ, ಅವುಗಳಲ್ಲಿ ಒಂದು ಅದರ ನೆರಳಲ್ಲೇ ನಿಲ್ಲುತ್ತದೆ. ಗೆರೆ 8.56 ಶೇಕಡಾಕ್ಕೆ ಏರುತ್ತದೆ. 16ನೇ ದಿನದ ಚುಕ್ಕಿ ಆರಾಮವಾಗಿ ಒಳಗೆ. ಶೂಹಾರ್ಟ್‌ನ ಗೆರೆಯಿದ್ದ ಮಷೀನಿನಲ್ಲಿ 12ನೇ ಕೆಟ್ಟ ಪೀಸಿಗೇ ಲೈನ್ ನಿಲ್ಲಿಸಿ ಹೀಟರ್ ಮುಟ್ಟಿ ನೋಡುತ್ತಾರೆ. ಈ ಶೀಟನ್ನು ನಂಬಿದವರು 18ನೆಯದು ಕೆಡುವವರೆಗೆ ಮಾಲು ಪ್ಯಾಕ್ ಮಾಡುತ್ತಲೇ ಇರುತ್ತಾರೆ.