ಆಂಗ್ಲ ಕಥೆಗಳಲ್ಲಿ ಸಂಭಾಷಣೆಯನ್ನು ಬರೆಯುವ ಬಗೆ

ಕಥೆಯಲ್ಲಿ ಒಬ್ಬನ ಮಾತು ಎಲ್ಲಿಗೆ ಮುಗಿಯಿತೆಂಬುದನ್ನು ತೋರಿಸಲು ಕನ್ನಡಿಗರಾದ ನಮಗೆ ‘ಎಂದು’ ಎಂಬ ಪುಟ್ಟ ಮಾತೊಂದು ಇದೆ. ಓಲೆಗರಿಯಲ್ಲಿ ಕಾವ್ಯ ಬರೆದ ನಮ್ಮ ಹಿಂದಿನ ಕವಿಗಳಿಗೆ ಉದ್ಧರಣ ಚಿಹ್ನೆಗಳೇ ಇರಲಿಲ್ಲ. ‘ಎಂದಂ’, ‘ಎನೆ’ ಎಂಬವೇ ಆ ಕೆಲಸವನ್ನು ಮಾಡುತ್ತಿದ್ದವು. ಇಂಗ್ಲಿಷಿನಲ್ಲಿ ಇಂಥ ಪದವಿಲ್ಲ. ಆದುದರಿಂದ ಅಲ್ಲಿ ಆ ಹೊಣೆಯೆಲ್ಲವೂ ಚಿಹ್ನೆಗಳ ಮೇಲೆ ಬಿದ್ದಿದೆ. ನಮ್ಮ ವಿದ್ಯಾರ್ಥಿಗಳು ಭಾಷಾಂತರದಲ್ಲಿ ಮಾಡುವ ತಪ್ಪುಗಳಿಗೆ ಬಹುಮಟ್ಟಿಗೆ ಮೂಲವು ಇಲ್ಲಿಯೇ ಇದೆ.

‘ನನಗೆ ಹಸಿವಾಗಿದೆ ಎಂದು ರಾಮು ಹೇಳಿದನು’ ಎಂಬುದನ್ನು ಹುಡುಗರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

ರಾಮು ಸೆಡ್ ದಟ್, “ಐ ಆಮ್ ಹಂಗ್ರಿ.”

‘ಎಂದು’ ಎಂಬುದಕ್ಕೆ ‘ದಟ್’ ಸಮವೆಂದು ಭಾವಿಸಿದ್ದರ ಫಲವಿದು. ಆಡಿದ ಮಾತನ್ನು ಆಡಿದಂತೆಯೇ ಚಿಹ್ನೆಯೊಳಗೆ ಇಟ್ಟ ಮೇಲೆ ‘ದಟ್’ ಬೇಕಿಲ್ಲ. ಸರಿಯಾದ ರೂಪ ಹೀಗಿದೆ:

“ಐ ಆಮ್ ಹಂಗ್ರಿ,” ಹಿ ಸೆಡ್.

ಮಾತಿನ ಕೊನೆಯಲ್ಲಿರುವುದು ಅಲ್ಪವಿರಾಮ. ಅದು ಉದ್ಧರಣ ಚಿಹ್ನೆಯ ಒಳಗಿದೆ. ರಾಮುವಿನ ಮಾತು ಮುಗಿದಿದ್ದರೂ ವಾಕ್ಯ ಮುಗಿದಿಲ್ಲ. ‘ಹಿ ಸೆಡ್’ ಎಂಬುದು ಅದೇ ವಾಕ್ಯದ ಬಾಲ. ಆದುದರಿಂದಲೇ ‘ಹಿ’ ಎಂಬುದು ಚಿಕ್ಕಕ್ಷರದಿಂದ ಆರಂಭವಾಗಬೇಕು. ಮಾತು ಪ್ರಶ್ನೆಯಾಗಿದ್ದರೆ ಅಲ್ಪವಿರಾಮದ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆಗಲೂ ಬಾಲದ ಅಕ್ಷರ ಚಿಕ್ಕದೇ. ಪ್ರಶ್ನೆ ಮುಗಿಯಿತಲ್ಲಾ ಎಂದು ಅಲ್ಲಿ ದೊಡ್ಡಕ್ಷರ ಹಾಕುವವರು ಅನೇಕರು.

ಬಾಲವು ‘ಸೆಡ್’, ‘ಆಸ್ಕ್ಡ್’, ‘ರಿಪ್ಲೈಡ್’ ಮೊದಲಾದ, ಮಾತನಾಡುವ ಕ್ರಿಯೆಯಾಗಿರಬೇಕು. ‘ಅವನು ಬಾಗಿಲು ಮುಚ್ಚಿದನು’ ಎಂಬುದು ಮಾತಿಗೆ ಬಾಲವಾಗದು. ಅದು ಬೇರೊಂದು ವಾಕ್ಯ. ಅದರ ಮುಂಚೆ ಮಾತಿನೊಳಗೆ ಪೂರ್ಣವಿರಾಮವೂ, ಅನಂತರ ದೊಡ್ಡಕ್ಷರವೂ ಬೇಕು. ‘ಸೆಡ್’ ಎಂಬುದನ್ನೇ ಪದೇ ಪದೇ ಬಳಸಲು ಸಂಕೋಚಪಡಬೇಕಾಗಿಲ್ಲ. ಓದುಗನ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಪ್ರತಿಸಲವೂ ಹೊಸ ಕ್ರಿಯಾಪದವನ್ನು ಹುಡುಕಿ ತಂದರೆ ಕಣ್ಣು ಅಲ್ಲಿ ಎಡವುತ್ತದೆ.

ಇನ್ನು ಪರಿಚ್ಛೇದದ ವಿಷಯ. ಮಾತನಾಡುವವರು ಬದಲಾದಾಗಲೆಲ್ಲ ಹೊಸ ಪರಿಚ್ಛೇದವನ್ನು ಆರಂಭಿಸಬೇಕೆಂಬುದು ಇಂಗ್ಲಿಷ್ ಕಥೆಗಳ ಕಟ್ಟಳೆ. ಇದು ಕೇವಲ ಅಂದಕ್ಕಾಗಿ ಇರುವುದಲ್ಲ. ಮನೆಯಲ್ಲಿ ಗಡಿಗೆ ಒಡೆದಿದೆ; ರಾಮು, ಸೀತೆ ಇಬ್ಬರೂ ಅಜ್ಜಿಯ ಎದುರಿಗೆ ನಿಂತಿದ್ದಾರೆ ಎಂದು ಇಟ್ಟುಕೊಳ್ಳಿ.

“ಹೂ ಬ್ರೋಕ್ ದ ಪಾಟ್?” ಆಸ್ಕ್ಡ್ ಗ್ರ್ಯಾಂಡ್‌ಮದರ್.

ರಾಮು ಲುಕ್ಡ್ ಅಟ್ ಸೀತಾ. “ಐ ಡಿಡ್.”

ಇಲ್ಲಿ ಗಡಿಗೆ ಒಡೆದವನು ರಾಮು. ನೋಡಿದವನು ಅವನು, ಅದೇ ಪರಿಚ್ಛೇದದಲ್ಲಿ ಬಂದ ಮಾತೂ ಅವನದೇ. ಒಂದಕ್ಷರವನ್ನೂ ಬದಲಿಸದೆ ಕೊನೆಯ ಮಾತನ್ನು ಕೆಳಗಿನ ಸಾಲಿಗೆ ಇಳಿಸೋಣ:

ರಾಮು ಲುಕ್ಡ್ ಅಟ್ ಸೀತಾ.

“ಐ ಡಿಡ್.”

ಈಗ ತಪ್ಪೊಪ್ಪಿಕೊಂಡವಳು ಸೀತೆ! ರಾಮು ನೋಡಿದ, ಪರಿಚ್ಛೇದ ಬದಲಾಯಿತು, ಅವನ ನೋಟಕ್ಕೆ ಅವಳು ಉತ್ತರವಿತ್ತಳು ಎಂದು ಇಂಗ್ಲಿಷ್ ಓದುಗನು ತಿಳಿಯುತ್ತಾನೆ. ಇದನ್ನೇ ಕನ್ನಡದಲ್ಲಿ ಬರೆದರೆ ‘ಎಂದನು’, ‘ಎಂದಳು’ ಎಂಬ ಕ್ರಿಯಾಪದವೇ ಹುಡುಗನೋ ಹುಡುಗಿಯೋ ಎಂಬುದನ್ನು ಹೇಳಿಬಿಡುತ್ತಿತ್ತು. ‘ಸೆಡ್’ ಎಂಬುದಕ್ಕೆ ಲಿಂಗಭೇದವಿಲ್ಲ. ಇಬ್ಬರೇ ಮಾತನಾಡುತ್ತಿರುವಾಗ ನಾಲ್ಕಾರು ಸಾಲುಗಳವರೆಗೆ ಬಾಲವಿಲ್ಲದೆಯೇ ಪರಿಚ್ಛೇದದ ಬಲದಿಂದ ಸಾಗಬಹುದು. ಮೂರನೆಯವರು ಬಾಯಿ ಹಾಕಿದೊಡನೆ ಆ ಸೌಕರ್ಯ ತಪ್ಪುತ್ತದೆ; ಆಗ ಹೆಸರು ಹೇಳಲೇಬೇಕು. ನೀವು ಬರೆದುದನ್ನು ಗೆಳೆಯನೊಬ್ಬನಿಂದ ಓದಿಸಿ, ಯಾವ ಮಾತು ಯಾರದೆಂದು ಕೇಳಿರಿ. ಅವನು ತಡವರಿಸುವ ಕಡೆ ಒಂದು ಬಾಲವನ್ನು ಸೇರಿಸಬೇಕೆಂದು ತಿಳಿಯಿರಿ.

ಒಬ್ಬನೇ ದೀರ್ಘವಾಗಿ ಮಾತನಾಡಿ, ಅವನ ಮಾತೇ ಎರಡು ಮೂರು ಪರಿಚ್ಛೇದಗಳಿಗೆ ಹಬ್ಬಿದರೆ? ಪ್ರತಿ ಪರಿಚ್ಛೇದದ ಆರಂಭದಲ್ಲಿಯೂ ಚಿಹ್ನೆಯನ್ನು ತೆರೆಯುತ್ತಾರೆ. ಮುಚ್ಚುವುದು ಕಟ್ಟಕಡೆಯಲ್ಲಿ ಮಾತ್ರ. ನಡುವೆ ಮುಚ್ಚದ ಚಿಹ್ನೆಯನ್ನು ಕಂಡು ಅಚ್ಚಿನ ತಪ್ಪೆಂದು ಭಾವಿಸಬೇಡಿರಿ. ‘ಇವನ ಮಾತು ಇನ್ನೂ ಮುಗಿದಿಲ್ಲ’ ಎಂಬುದೇ ಅದರ ಅರ್ಥ.

ಇವೆಲ್ಲವನ್ನೂ ಕಣ್ಣಾರೆ ಕಾಣಲು ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಸುಲಭವಾದ ಪುಸ್ತಕ. ಅವರು 1906ರಲ್ಲಿ ನಮ್ಮ ಈ ಊರಿನಲ್ಲಿಯೇ ಹುಟ್ಟಿ, ಪುರಸವಾಕ್ಕಂನಲ್ಲಿ ಅಜ್ಜಿಯ ಆರೈಕೆಯಲ್ಲಿ ಬೆಳೆದು, ಅನಂತರ ಮೈಸೂರಿಗೆ ಹೋಗಿ ನೆಲೆಸಿದವರು. ಪುಸ್ತಕವು 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸ್ವಾಮಿಯೂ ಅವನ ಅಜ್ಜಿಯೂ ಮಾತನಾಡುವ ಪುಟವೊಂದನ್ನು ತೆರೆದು, ಪ್ರತಿ ಮಾತಿನ ಕೊನೆಯ ಚಿಹ್ನೆಯನ್ನೂ ಅದರ ಮುಂದಿನ ಅಕ್ಷರವನ್ನೂ ಗಮನಿಸಿರಿ. ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಚಿಹ್ನೆ ಒಂಟಿಯಾಗಿರಬಹುದು, ಜೋಡಿಯಾಗಿರಬಹುದು. ಬ್ರಿಟಿಷ್ ಮುದ್ರಕರು ಹೆಚ್ಚಾಗಿ ಒಂಟಿಯನ್ನೂ ಅಮೆರಿಕದವರು ಜೋಡಿಯನ್ನೂ ಬಳಸುತ್ತಾರೆ. ಎರಡೂ ಸರಿಯೇ, ಒಂದು ಕಥೆಯಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ.