‘ನೆವರ್’ ಮುಂದೆ ಬಂದಾಗ

ಇಂಗ್ಲಿಷ್‌ನಲ್ಲಿ ವರದಿ, ಅಂಕಣ ಬರೆದು ಕೈ ಪಳಗಿದವರೂ ಒಮ್ಮೊಮ್ಮೆ ‘ನೆವರ್ ಐ ಹ್ಯಾವ್ ಸೀನ್ ಸಚ್ ಎ ಕ್ರೌಡ್’ ಎಂದು ಬರೆದುಬಿಡುತ್ತಾರೆ. ‘ನೆವರ್’ ವಾಕ್ಯದ ನಡುವೆ ಇದ್ದಿದ್ದರೆ ತಕರಾರಿರಲಿಲ್ಲ: ‘ಐ ಹ್ಯಾವ್ ನೆವರ್ ಸೀನ್’. ಒತ್ತು ಕೊಡಲೆಂದು ಅದನ್ನು ಎತ್ತಿ ಮುಂದಿಟ್ಟರೆ ಸಹಾಯಕ ಕ್ರಿಯಾಪದವೂ ಕರ್ತೃವನ್ನು ದಾಟಿ ಮುಂದೆ ಬರಬೇಕು: ‘ನೆವರ್ ಹ್ಯಾವ್ ಐ ಸೀನ್’. ಪ್ರಶ್ನೆ ಕೇಳುವಾಗ ಆಗುವ ಅದಲುಬದಲೇ ಇಲ್ಲೂ ಆಗುತ್ತದೆ. ಸಹಾಯಕ ಪದ ಇಲ್ಲದ ವಾಕ್ಯವಾದರೆ ಪ್ರಶ್ನೆಯಲ್ಲಿ ಮಾಡುವಂತೆಯೇ ‘ಡಿಡ್’ ತಂದು ನಿಲ್ಲಿಸಬೇಕು. ‘ಹಿ ನೆವರ್ ಕಂಪ್ಲೇನ್ಡ್’ ಎಂಬುದು ‘ನೆವರ್ ಡಿಡ್ ಹಿ ಕಂಪ್ಲೇನ್’ ಆಗುತ್ತದೆ.

ಇದು ಯಾರೋ ವೈಯಾಕರಣಿ ಕೂತು ಹೊಸೆದ ನಿಯಮವಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲಿಗೆ ಏನೇ ಬಂದರೂ ಕ್ರಿಯಾಪದ ಎರಡನೆಯ ಜಾಗಕ್ಕೆ ಬರುವುದು ಸಾಮಾನ್ಯವಾಗಿತ್ತು. ಜರ್ಮನ್, ಡಚ್ ಭಾಷೆಗಳಲ್ಲಿ ಇಂದಿಗೂ ಹಾಗೆಯೇ. ಇಂಗ್ಲಿಷ್ ಕಾಲಕ್ರಮದಲ್ಲಿ ಆ ರೂಢಿಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ನಿಷೇಧದ ಪದ ಮುಂದೆ ಬಂದಾಗ ಮಾತ್ರ ಗಟ್ಟಿಯಾಗಿ ಉಳಿಸಿಕೊಂಡಿತು.

ಇಷ್ಟನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ತೊಡಕು ಶುರುವಾಗುವುದು ಆಮೇಲೆ. ‘ನಿಷೇಧದ ಪದ ಮುಂದಿದ್ದರೆ ತಿರುಗಿಸು’ ಎಂಬ ಸೂತ್ರವನ್ನೇ ನೆಚ್ಚಿಕೊಂಡರೆ ‘ಇನ್ ನೋ ಟೈಮ್’ ಕೈಕೊಡುತ್ತದೆ. ‘ಇನ್ ನೋ ಟೈಮ್ ಹಿ ಫಿನಿಶ್ಡ್ ದ ವರ್ಕ್’ ಎಂಬುದು ಸರಿಯಾದ ವಾಕ್ಯ. ಅದರಲ್ಲಿ ‘ನೋ’ ಇದೆ, ಆದರೂ ತಿರುವು ಇಲ್ಲ. ‘ಅಟ್ ನೋ ಟೈಮ್’ಗೆ ಮಾತ್ರ ತಿರುವು ಬೇಕೇಬೇಕು: ‘ಅಟ್ ನೋ ಟೈಮ್ ಡಿಡ್ ಹಿ ಫಿನಿಶ್’. ಮೊದಲನೆಯದರಲ್ಲಿ ಕೆಲಸ ಮುಗಿದಿದೆ, ಅದೂ ಚಿಟಿಕೆ ಹೊಡೆಯುವಷ್ಟರಲ್ಲಿ. ಅಲ್ಲಿನ ‘ನೋ’ ಕಾಲಾವಧಿಗಷ್ಟೇ ಅಂಟಿಕೊಂಡಿದೆ, ಕ್ರಿಯೆಯನ್ನು ಮುಟ್ಟಿಲ್ಲ. ಎರಡನೆಯದರಲ್ಲಿ ಕೆಲಸ ಮುಗಿಯಲೇ ಇಲ್ಲ. ನಿಷೇಧ ಇಡೀ ವಾಕ್ಯವನ್ನು ಆವರಿಸಿದರೆ ತಿರುವು, ತನ್ನ ಪದಗುಚ್ಛದೊಳಗೇ ನಿಂತರೆ ಇಲ್ಲ. ‘ನಾಟ್ ಲಾಂಗ್ ಅಗೋ ಐ ಮೆಟ್ ಹಿಮ್’ ನೆಟ್ಟಗೆ ಉಳಿಯುವುದೂ ಇದಕ್ಕೇ. ಭೇಟಿಯಂತೂ ಆಗಿದೆ.

ಇದೇ ತಿರುವು ಅರ್ಥವನ್ನು ತಲೆಕೆಳಗು ಮಾಡುವುದೂ ಉಂಟು. ‘ವಿತ್ ನೋ ಜಾಬ್, ಶಿ ವುಡ್ ಬಿ ಹ್ಯಾಪಿ’ ಎಂದರೆ ಕೆಲಸವೇ ಇಲ್ಲದಿದ್ದರೆ ಅವಳು ಸುಖವಾಗಿರುತ್ತಾಳೆ ಎಂದು. ‘ವಿತ್ ನೋ ಜಾಬ್ ವುಡ್ ಶಿ ಬಿ ಹ್ಯಾಪಿ’ ಎಂದರೆ ಯಾವ ಕೆಲಸ ಕೊಟ್ಟರೂ ಅವಳಿಗೆ ತೃಪ್ತಿಯಿಲ್ಲ ಎಂದು. ಪದಗಳು ಅವೇ, ‘ಶಿ’ ಮತ್ತು ‘ವುಡ್’ ಜಾಗ ಬದಲಿಸಿವೆ, ಅಷ್ಟೆ.

ಅನುಮಾನ ಬಂದಾಗ ಒಂದು ಪರೀಕ್ಷೆ ಮಾಡಬಹುದು. ವಾಕ್ಯದ ಕೊನೆಗೆ ‘ಅವಳೂ ಅಷ್ಟೇ’ ಎಂಬರ್ಥದ ಬಾಲ ಹಚ್ಚಿ ನೋಡಿ. ‘ಆ್ಯಂಡ್ ನೈದರ್ ಡಿಡ್ ಶಿ’ ಹೊಂದಿದರೆ ವಾಕ್ಯ ನಿಷೇಧಾರ್ಥಕ, ಆ ಪದ ಮುಂದೆ ಬಂದರೆ ತಿರುವು ಬೇಕು. ‘ಆ್ಯಂಡ್ ಸೋ ಡಿಡ್ ಶಿ’ ಹೊಂದಿದರೆ ಬೇಡ. ‘ಹಿ ಹಾರ್ಡ್ಲಿ ಸ್ಪೋಕ್, ಆ್ಯಂಡ್ ನೈದರ್ ಡಿಡ್ ಶಿ’ ಎನ್ನಬಹುದು. ಮೈಮೇಲೆ ‘ನಾಟ್’ನ ಗುರುತೇ ಇಲ್ಲದ ಹಾರ್ಡ್ಲಿ, ಸ್ಕೇರ್ಸ್ಲಿ, ಸೆಲ್ಡಮ್, ರೇರ್ಲಿ ಈ ಗುಂಪಿಗೆ ಸೇರಿದ್ದು ಹೀಗೆ.

ಅನುಭವಿಗಳು ಎಡವುವ ಮತ್ತೊಂದು ಜಾಗ ‘ನಾಟ್ ಅನ್‌ಟಿಲ್’, ‘ಓನ್ಲಿ ಆಫ್ಟರ್’ ಇಂದ ಶುರುವಾಗುವ ಉದ್ದನೆಯ ವಾಕ್ಯ. ‘ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್ ಡಿಡ್ ವಿ ಲೀವ್’ ಎಂಬಲ್ಲಿ ಮಳೆಯ ಭಾಗ ಇದ್ದಂತೆಯೇ ಇರುತ್ತದೆ, ಹೊರಟ ಭಾಗ ಮಾತ್ರ ತಿರುಗುತ್ತದೆ. ‘ಓನ್ಲಿ’ ಹತ್ತಿರದಲ್ಲಿದೆಯೆಂದು ಮಳೆಯನ್ನೇ ತಿರುಗಿಸಿ ‘ಓನ್ಲಿ ಆಫ್ಟರ್ ಡಿಡ್ ದ ರೇನ್ ಸ್ಟಾಪ್’ ಎಂದು ಬರೆಯುವವರಿದ್ದಾರೆ. ಮುಖ್ಯ ಕ್ರಿಯಾಪದ ಯಾವುದೆಂದು ಮೊದಲು ಹುಡುಕಿಕೊಂಡರೆ ಈ ತಪ್ಪಾಗದು. ‘ಓನ್ಲಿ’ ಕರ್ತೃವಿಗೇ ಅಂಟಿದ್ದರಂತೂ ಏನನ್ನೂ ತಿರುಗಿಸಬೇಕಿಲ್ಲ: ‘ಓನ್ಲಿ ರಾಮು ನ್ಯೂ’.

ಇನ್ನು ನಮ್ಮ ತರಗತಿಗಳಲ್ಲಿ ‘ಆ್ಯಸ್ ಸೂನ್ ಆ್ಯಸ್’ ಅನ್ನು ‘ನೋ ಸೂನರ್’ಗೆ ಬದಲಿಸಿ ಬದಲಿಸಿ ಬೇಸತ್ತವರಿಗೆ ಒಂದು ಮಾತು. ‘ನೋ ಸೂನರ್ ಹ್ಯಾಡ್ ದ ಬಸ್ ಸ್ಟಾರ್ಟೆಡ್’ ಎಂದು ಬರೆದರೆ ಮುಂದೆ ‘ದ್ಯಾನ್’ ಬರಬೇಕು, ‘ಹಾರ್ಡ್ಲಿ ಹ್ಯಾಡ್ ದ ಬಸ್ ಸ್ಟಾರ್ಟೆಡ್’ ಎಂದರೆ ‘ವೆನ್’. ಇದನ್ನು ಉರು ಹೊಡೆಯಬೇಕಿಲ್ಲ. ‘ಸೂನರ್’ ಹೋಲಿಕೆಯ ರೂಪ, ‘ಬೆಟರ್’, ‘ಟಾಲರ್’ಗಳಂತೆ ಅದೂ ‘ದ್ಯಾನ್’ ಬೇಡುತ್ತದೆ. ‘ಹಾರ್ಡ್ಲಿ’ಯಲ್ಲಿ ಹೋಲಿಕೆ ಇಲ್ಲ. ಇಂಗ್ಲಿಷ್ ಮನೆಮಾತಿನವರೂ ‘ಹಾರ್ಡ್ಲಿ’ ಜತೆ ‘ದ್ಯಾನ್’ ಬರೆಯುವುದುಂಟು, ಆದರೆ ಬಿಗಿಯಾದ ಸಂಪಾದಕರು ಈಗಲೂ ಅದನ್ನು ಹೊಡೆದುಹಾಕಿ ‘ವೆನ್’ ಮಾಡುತ್ತಾರೆ.