ಬೇಗಂ ಬಜಾರ್‌ನ ಲೆಕ್ಕದ ಪುಸ್ತಕ: ಸಗಟು ವ್ಯಾಪಾರಿ ಸಾಫ್ಟ್‌ವೇರ್ ಬೇಡ ಅನ್ನುವುದೇಕೆ? ಒಪ್ಪಿದರೆ ಮೊದಲು ಆಗಬೇಕಾದ್ದೇನು?

ಹೈದರಾಬಾದ್: ದೀಪಾವಳಿ ಬಂತೆಂದರೆ ಬೇಗಂ ಬಜಾರ್‌ನ ಹಳೆಯ ವ್ಯಾಪಾರಿ ಕುಟುಂಬಗಳಲ್ಲಿ ಲಕ್ಷ್ಮಿಯ ಜೊತೆ ಹೊಸ ಲೆಕ್ಕದ ಪುಸ್ತಕಕ್ಕೂ ಪೂಜೆ ನಡೆಯುತ್ತದೆ. ಒಣಹಣ್ಣು, ಮಸಾಲೆ, ಪಾತ್ರೆಗಳ ಈ ಸಗಟು ಪೇಟೆಯಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್ ಮಾರಲು ಬರುವವರು ಎದುರಿಸುವುದು ಬೇರೆ ಕಂಪನಿಯ ಸಾಫ್ಟ್‌ವೇರನ್ನಲ್ಲ, ಆ ಪುಸ್ತಕವನ್ನು. ಗಲ್ಲೆಯ ಮೇಲೆ ಕೂತ ಹಿರಿಯರಿಗೆ ಯಾರ ಬಾಕಿ ಎಷ್ಟು ಎಂಬುದು ಒಂದು ಪುಟ ತಿರುಗಿಸಿದರೆ ಸಿಗುತ್ತದೆ. ಹಾಗಿದ್ದ ಮೇಲೆ ಕಂಪ್ಯೂಟರ್ ಯಾಕೆ?

ಇಲ್ಲಿ ಅನೇಕ ಮಾರಾಟಗಾರರು ಹೆದರಿಸುವ ದಾರಿ ಹಿಡಿಯುತ್ತಾರೆ. 'ಕೈಬರಹದ ಲೆಕ್ಕ ಇನ್ನು ಕಾನೂನುಬಾಹಿರ' ಎನ್ನುತ್ತಾರೆ. ಇದು ನಿಜವಲ್ಲ. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕವನ್ನು ಕಾಗದದಲ್ಲೂ ಇಡಬಹುದು. ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವ ಸಾಫ್ಟ್‌ವೇರ್ ಬಳಸಬೇಕೆಂದು 2023ರ ಏಪ್ರಿಲ್ 1ರಿಂದ ಬಂದ ನಿಯಮ ಕಂಪನಿಗಳಿಗೆ ಮಾತ್ರ, ಅಪ್ಪ-ಮಕ್ಕಳ ಪಾಲುದಾರಿಕೆ ಸಂಸ್ಥೆಗಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂ. ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ ಎಂಬುದು ಮಾತ್ರ ಸತ್ಯ. ಸುಳ್ಳು ಹೇಳಿದವನ ಮಾತು ಸಂಜೆ ಆಡಿಟರ್‌ಗೆ ಒಂದು ಫೋನ್ ಮಾಡಿದರೆ ಬಯಲಾಗುತ್ತದೆ. ಆಮೇಲೆ ಆ ಅಂಗಡಿಯ ಬಾಗಿಲು ಮುಚ್ಚಿದ ಹಾಗೆಯೇ.

ಪುಸ್ತಕದಲ್ಲಿ ಕಾಣದ ನಷ್ಟ

ಹಿರಿಯರು ಕಿವಿಗೊಡುವ ಮಾತು ಬೇರೆ ಇದೆ. ಒಂದು ಉದಾಹರಣೆ ನೋಡೋಣ. ಅಂಗಡಿಯವರು 6 ಲಕ್ಷ ರೂ. ಗೋಡಂಬಿ ಖರೀದಿಸಿ, ಶೇ 5ರಂತೆ 30,000 ರೂ. ಜಿಎಸ್‌ಟಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅದೇ ತಿಂಗಳ ಮಾರಾಟದ ಮೇಲೆ ಅವರು ಕಟ್ಟಬೇಕಾದ ತೆರಿಗೆ 45,000 ರೂ. ಕೊಟ್ಟ ತೆರಿಗೆ ಕಳೆದರೆ ಉಳಿಯುವುದು 15,000.

ಆದರೆ ಗೋಡಂಬಿ ಮಾರಿದವರು ಆ ಬಿಲ್ಲನ್ನು ತಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸದಿದ್ದರೆ? 2022ರ ಜನವರಿ 1ರಿಂದ ಇರುವ ನಿಯಮದಂತೆ, ಖರೀದಿದಾರರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಿಲ್ ಕಾಣದಿದ್ದರೆ ಕಡಿತ ಸಿಗುವುದಿಲ್ಲ. ಪೂರ್ತಿ 45,000 ಕೈಯಿಂದ ಹೋಗುತ್ತದೆ. ಪುಸ್ತಕದಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಇರುತ್ತದೆ: ಮಾಲು ಬಂದಿದೆ, ಹಣ ಹೋಗಿದೆ.

ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಈ ಪಟ್ಟಿ ಸಾಮಾನ್ಯವಾಗಿ 14ರಂದು ಸಿಗುತ್ತದೆ, 20ರೊಳಗೆ ತೆರಿಗೆ ಕಟ್ಟಬೇಕು. ನಡುವಿನ ಆರೇಳು ದಿನದಲ್ಲಿ ನೂರಾರು ಬಿಲ್‌ಗಳನ್ನು ಕೈಯಲ್ಲಿ ಟಿಕ್ ಹಾಕುತ್ತಾ ತಾಳೆ ನೋಡುವುದು ಗುಮಾಸ್ತರಿಗೆ ಕಷ್ಟ. ಸಾಫ್ಟ್‌ವೇರ್ ಮಾಡುವುದು ಇದನ್ನೇ: ಪಟ್ಟಿಯನ್ನೂ ಖರೀದಿ ಲೆಕ್ಕವನ್ನೂ ಎದುರುಬದುರು ಇಟ್ಟು, ಕಾಣದ ಬಿಲ್ಲನ್ನು ಎತ್ತಿ ತೋರಿಸುತ್ತದೆ. ಬಿಲ್ ಸಂಖ್ಯೆ ತಪ್ಪಾಗಿ ಟೈಪ್ ಮಾಡಿದ್ದರೂ 'ಇಲ್ಲ' ಎಂದೇ ತೋರಿಸಬಹುದು. ಮಾರಿದವರಿಗೆ ಫೋನ್ ಮಾಡಿ ರಿಟರ್ನ್ ತುಂಬಿಸುವ ಕೆಲಸವನ್ನಂತೂ ಮಾಲೀಕರೇ ಮಾಡಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಉದ್ರಿ ಲೆಕ್ಕದಲ್ಲಿ ಎಡವುವುದು

ಮಾಲೀಕರು ಒಪ್ಪಿದ ಮೇಲೆ ನಿಜವಾದ ತೊಡಕು ಶುರುವಾಗುತ್ತದೆ. ಪೂಜೆಯ ಲೆಕ್ಕದಲ್ಲಿ ವರ್ಷ ದೀಪಾವಳಿಗೆ ಶುರುವಾದರೂ ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ. ಸಾಫ್ಟ್‌ವೇರ್ ಅಂದೇ ಆರಂಭಿಸಿದರೆ ಸಲೀಸು. ಹಳೆಯ ಬಾಕಿಗಳನ್ನು ಹೇಗೆ ಏರಿಸುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಬೀದರ್‌ನ ಒಬ್ಬ ಕಿರಾಣಿ ವ್ಯಾಪಾರಿ 1,80,000 ರೂ. ಉಳಿಸಿಕೊಂಡಿದ್ದಾರೆ ಎನ್ನಿ. ಅದು ಡಿಸೆಂಬರ್‌ನ 70,000, ಫೆಬ್ರುವರಿಯ 60,000 ಮತ್ತು ಮಾರ್ಚ್‌ನ 50,000 ರೂ. ಬಿಲ್‌ಗಳ ಮೊತ್ತ. ಅವಸರದಲ್ಲಿ ಒಟ್ಟು ಮೊತ್ತವನ್ನಷ್ಟೇ ಏರಿಸಿದರೆ ಯಾವ ಬಾಕಿ ಎಷ್ಟು ಹಳೆಯದು ಎಂಬುದು ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ಬಿಲ್‌ವಾರು ಏರಿಸಿದರೂ ಇನ್ನೊಂದು ಪ್ರಶ್ನೆ ಇದೆ. ಏಪ್ರಿಲ್‌ನಲ್ಲಿ ಅವರು 50,000 ರೂ. ಕಳಿಸಿದರೆ ಅದು ಯಾವ ಬಿಲ್ಲಿಗೆ? ಪುಸ್ತಕದಲ್ಲಿ ಜಮಾ ಬರೆದರೆ ಮುಗಿಯಿತು. ಸಾಫ್ಟ್‌ವೇರ್ ಕೇಳುತ್ತದೆ. ಮೊತ್ತ ಹೊಂದಿತೆಂದು ಗುಮಾಸ್ತರು ಅದನ್ನು ಮಾರ್ಚ್ ಬಿಲ್ಲಿಗೆ ಹಾಕಿದರೆ, ಡಿಸೆಂಬರ್‌ನ 70,000 ಪೂರ್ತಿ ಬಾಕಿ ಎಂದು ಕಾಣುತ್ತದೆ. ಹಳೆಯದಕ್ಕೆ ಹಾಕಿದರೆ ಅಲ್ಲಿ ಉಳಿಯುವುದು 20,000 ಮಾತ್ರ. ಒಳ್ಳೆಯ ಗಿರಾಕಿಗೆ ಸುಮ್ಮನೆ ವಸೂಲಿ ಫೋನ್ ಹೋದರೆ ಸಂಬಂಧ ಕೆಡುತ್ತದೆ. ಆಗ ಹಿರಿಯರು ಪುಸ್ತಕಕ್ಕೇ ಮರಳುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ.

ಹಾಗಾಗಿ ಅನುಭವಿ ಮಾರಾಟಗಾರರು ಡೆಮೊಗೆ ತಮ್ಮ ನಮೂನೆ ಲೆಕ್ಕ ತರುವುದಿಲ್ಲ. ಅಂಗಡಿಯ ಪುಸ್ತಕದಿಂದಲೇ ಒಂದು ಪುಟ ಕೇಳಿ, ಅದನ್ನು ಹಿರಿಯರ ಎದುರಿಗೇ ಏರಿಸಿ ತೋರಿಸುತ್ತಾರೆ. ಲಾಭದ ಅಂಕಿ ಗುಮಾಸ್ತರಿಗೆ ಕಾಣದಂತೆ ಪ್ರತ್ಯೇಕ ಪಾಸ್‌ವರ್ಡ್ ಇಡಬಹುದು ಎಂಬುದನ್ನೂ ಅಲ್ಲೇ ತೋರಿಸುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ಹಿರಿಯರ ಮನಸ್ಸಿನಲ್ಲಿರುವ ಅಳುಕು ಬಹುಪಾಲು ಅದೇ.

ಮೊದಲ ಎರಡು-ಮೂರು ತಿಂಗಳು ಪುಸ್ತಕವೂ ಕಂಪ್ಯೂಟರೂ ಜೊತೆಯಾಗಿ ನಡೆಯಬೇಕು. ರಾತ್ರಿ ಗಲ್ಲೆಯ ನಗದು ಎರಡರಲ್ಲೂ ಒಂದೇ ಇದೆಯೇ, ತಿಂಗಳ ಕೊನೆಗೆ ಒಟ್ಟು ಉದ್ರಿ ತಾಳೆಯಾಗುತ್ತದೆಯೇ ಎಂದು ನೋಡಿದರೆ ಸಾಕು. ಯಾವುದೋ ದಿನದ ನಗದು ಶಿಲ್ಕು ಮೈನಸ್‌ಗೆ ಇಳಿದು ಕಂಡರೆ, ಗಲ್ಲೆಯಲ್ಲಿ ಇಲ್ಲದ ಹಣವನ್ನು ಯಾರೂ ಖರ್ಚು ಮಾಡಿಲ್ಲ. ಗುಮಾಸ್ತರು ವಾರದ ಚೀಟಿಗಳನ್ನು ಒಟ್ಟಿಗೆ ಏರಿಸುವಾಗ ಒಂದು ಜಮಾ ಬಿಟ್ಟಿದ್ದಾರೆ, ಇಲ್ಲವೇ ದಿನಾಂಕ ತಪ್ಪಿಸಿದ್ದಾರೆ.